ಪೋಸ್ಟರಿನಲ್ಲಿ ಹೊಳೆ ಎಲ್ಲಿದೆ?

ಮೊನ್ನೆ ನಮ್ಮೂರಿನ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. ಎಂಎಸ್ಸಿ ಕೊನೆಯ ವರ್ಷ. ಅಘನಾಶಿನಿ ಹೊಳೆಯ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಮೇಲೆ ಪ್ರಾಜೆಕ್ಟ್ ಮಾಡಿದ್ದಾಳೆ. ತದಡಿಯ ಅಳಿವೆಯಿಂದ ಶುರುಮಾಡಿ ದಿವಗಿಯ ಆಚೆಯವರೆಗೆ 6 ಜಾಗ, ಒಂದೊಂದು ಜಾಗದಲ್ಲಿ 10 ಮೀಟರ್ ಚೌಕದ 3 ಪ್ಲಾಟ್. ಒಟ್ಟು 18. ಮೊಣಕಾಲುದ್ದ ಕೆಸರಿನಲ್ಲಿ ಹಗ್ಗ ಎಳೆದು ಚೌಕ ಮಾಡುವುದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು.

"ಅಕ್ಕ, ಕಾಂಡ್ಲಾ ಸಮ್ಮೇಳನಕ್ಕೆ ಪೋಸ್ಟರ್ ರೆಡಿ. ಸುಮ್ನೆ ಒಂದ್ಸಲ ನೋಡಿ" ಎಂದಳು.

ನೋಡಿದೆ. ಸಾವಿರದ ಹತ್ತಿರ ಪದ, 11 ಚಿತ್ರ, 3 ಟೇಬಲ್. ಮೇಲೆ ಮೂರು ಲೋಗೋ. ಎಡಗಡೆ "ಕಾಂಡ್ಲಾ ಕಾಡುಗಳು ಕರಾವಳಿಯ ರಕ್ಷಾಕವಚ" ಅಂತ ಶುರುವಾಗುವ ಉದ್ದದ ಪೀಠಿಕೆ. ನಡುವೆ ಉಪಗ್ರಹದ ಫೋಟೋ, ಅದರ ಮೇಲೆ ಆರು ಬಣ್ಣಬಣ್ಣದ ಪೈ ಚಾರ್ಟ್.

ಬೈಯಲು ನನಗೇನೂ ಹಕ್ಕಿಲ್ಲ ಬಿಡಿ. ನನ್ನ ಮೊದಲ ಪೋಸ್ಟರೂ ಹೀಗೇ ಇತ್ತು. ಜಾತಿಗಳ ಪಟ್ಟಿ, ಅದೂ ಎ ಬಿ ಸಿ ಕ್ರಮದಲ್ಲಿ, 14 ಪಾಯಿಂಟ್ ಅಕ್ಷರದಲ್ಲಿ. ಒಂದು ಗಂಟೆ ಅದರ ಪಕ್ಕ ನಿಂತೆ. ಬಂದದ್ದು ಒಬ್ಬರೇ, ವಯಸ್ಸಾದ ಪ್ರೊಫೆಸರ್. ಕನ್ನಡಕ ಮೇಲೆ ಕೆಳಗೆ ಮಾಡಿ ಎರಡು ನಿಮಿಷ ಓದಿದರು. ಆಮೇಲೆ, "ಎಲ್ಲಾ ಸರಿಯಮ್ಮ, ಇದರಲ್ಲಿ ಹೊಳೆ ಎಲ್ಲಿದೆ?" ಎಂದು ಕೇಳಿ ಚಹಾ ಕುಡಿಯಲು ಹೋದರು. ಆವತ್ತು ಸಿಟ್ಟು ಬಂದಿತ್ತು. ಈಗ ಯಾರ ಪೋಸ್ಟರ್ ನೋಡಿದರೂ ನನ್ನ ಬಾಯಿಗೆ ಮೊದಲು ಬರುವುದು ಅದೇ ಪ್ರಶ್ನೆ.

ಲ್ಯಾಪ್‌ಟಾಪ್ ಮುಚ್ಚಿಸಿ, "ಏನು ಕಂಡಿತು, ಬಾಯಲ್ಲಿ ಹೇಳು" ಎಂದೆ. ಹುಡುಗಿ ಒಂದೇ ಉಸಿರಿಗೆ ಹೇಳಿದಳು: "ಅಳಿವೆ ಹತ್ರ ಬಿಳಿ ಹೂವಿನ ಸೊನ್ನೆರೇಶಿಯಾ ಆಲ್ಬಾ ಜಾಸ್ತಿ ಅಕ್ಕ. ಒಳಗೆ ಹೋದ ಹಾಗೆ ಅದು ಕಾಣೋದೇ ಇಲ್ಲ, ಕೆಂಪು ಹೂವಿನ ಸೊನ್ನೆರೇಶಿಯಾ ಕೇಸಿಯೊಲಾರಿಸ್ ಬರ್ತದೆ. ನೀರಿನ ಉಪ್ಪೂ ಹಾಗೇ ಇಳೀತಾ ಹೋಗ್ತದೆ." ಪೋಸ್ಟರ್ ಅಂದರೆ ಇಷ್ಟೇ. ಇದನ್ನೇ ಶೀರ್ಷಿಕೆ ಮಾಡಿದೆವು: "ಅಳಿವೆಯಿಂದ ಒಳಕ್ಕೆ ಉಪ್ಪು ಇಳಿಯುತ್ತದೆ, ಕಾಂಡ್ಲಾ ಜಾತಿಯೂ ಬದಲಾಗುತ್ತದೆ." ಉಪ್ಪು ಇಳಿಯುವುದರಿಂದಲೇ ಬದಲಾಗುತ್ತದೆ ಅಂತ ಬರೆಯಲು ಹೊರಟಿದ್ದಳು, ನಾನು ಬೇಡ ಎಂದೆ. ಎರಡೂ ಒಟ್ಟಿಗೆ ಆಗುವುದನ್ನು ನೋಡಿದ್ದಾಳೆ, ಅಷ್ಟೇ. ಒಳಗೆ ಹೋದಂತೆ ಕೆಸರೂ ಬೇರೆಯಾಗುತ್ತದೆ, ಭರತದ ನೀರು ನಿಲ್ಲುವ ಹೊತ್ತೂ ಬೇರೆಯಾಗುತ್ತದೆ.

ಹೇಳಬೇಕಾದ ಮಾತಿನಲ್ಲಿ "ಒಳಗೆ ಹೋದ ಹಾಗೆ" ಅಂತ ಇದೆ ಅಲ್ವಾ? ಹಾಗಾದರೆ ಚಿತ್ರದಲ್ಲೂ ಒಳಗೆ ಹೋಗಬೇಕು. ಪೈ ಚಾರ್ಟಿಗೆ ಅದು ಆಗುವುದಿಲ್ಲ. ನಕ್ಷೆಯಲ್ಲಿ ಹೊಳೆ ಡೊಂಕು ಡೊಂಕಾಗಿ ಹರಿಯುತ್ತದೆ, ಪೈಗಳು ಜಾಗ ಸಿಕ್ಕಲ್ಲಿ ಕೂತಿರುತ್ತವೆ. ಒಂದು ಪೈನ ಹೋಳನ್ನು ಇನ್ನೊಂದು ಪೈನ ಹೋಳಿನ ಜೊತೆ ಹೋಲಿಸಲು ಕಣ್ಣಿಗೆ ಬರುವುದಿಲ್ಲ. ಅದರ ಮೇಲೆ 9 ಜಾತಿಗೆ 9 ಬಣ್ಣ. ಹಿಂದೆ ಉಪಗ್ರಹದ ಹಸಿರು, ಮುಂದೆ ಚಾರ್ಟಿನ ಹಸಿರು. ಯಾವುದು ಕಾಡು, ಯಾವುದು ಕಾಡಿನ ಲೆಕ್ಕ?

ಹೊಳೆಯನ್ನು ದಾರ ಎಳೆದ ಹಾಗೆ ನೆಟ್ಟಗೆ ಮಾಡಿದೆವು. ಅಡ್ಡಗೆರೆ ಅಂದರೆ ಅಳಿವೆಯಿಂದ ಎಷ್ಟು ಕಿಲೋಮೀಟರ್ ಅನ್ನುವುದು. ಎಡತುದಿಯಲ್ಲಿ ಸಮುದ್ರ, ಬಲಕ್ಕೆ ಹೋದಂತೆ ಘಟ್ಟದ ಕಡೆ. ಮೇಲಿನ ಪಟ್ಟಿಯಲ್ಲಿ ಉಪ್ಪಿನ ಎರಡು ಗೆರೆ, ಒಂದು ಮೇ ತಿಂಗಳದ್ದು, ಇನ್ನೊಂದು ಆಗಸ್ಟಿನದು. ಅಘನಾಶಿನಿಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಘಟ್ಟದ ನೀರು ತಡೆಯಿಲ್ಲದೆ ಇಳಿದು ಬರುತ್ತದೆ. ಹಾಗಾಗಿ ಎರಡು ಗೆರೆಗಳ ನಡುವಿನ ಅಂತರವೇ ಒಂದು ಕತೆ. ಒಂದೇ ಗೆರೆ ಹಾಕಿದ್ದರೆ ವರ್ಷದ ಸರಾಸರಿ ಅನ್ನುವ, ಯಾವ ಗಿಡವೂ ಯಾವತ್ತೂ ಕುಡಿಯದ ನೀರಿನ ಚಿತ್ರ ಆಗುತ್ತಿತ್ತು. ಆ ಎರಡು ಗೆರೆಗಳ ಪಕ್ಕದಲ್ಲೇ "ಎಲ್ಲ ಅಳತೆ ಭರತದ ಹೊತ್ತಿಗೆ" ಎಂದು ಮೂರ್ನಾಲ್ಕು ಪದ ಬರೆಸಿದೆ. ಒಂದೇ ಜಾಗದಲ್ಲಿ ಬೆಳಿಗ್ಗೆ ಭರತಕ್ಕೆ ಒಂದು ಉಪ್ಪು, ಮಧ್ಯಾಹ್ನ ಇಳಿತಕ್ಕೆ ಇನ್ನೊಂದು. ಹೊಳೆ ಗೊತ್ತಿದ್ದವರು ಮೊದಲು ಕೇಳುವುದೇ ಅದನ್ನು.

ಕೆಳಗೆ ಜಾತಿಗಳ ಸಾಲು. 9 ಅಲ್ಲ, 4 ಮಾತ್ರ: ಎರಡು ಸೊನ್ನೆರೇಶಿಯಾ, ರೈಜೋಫೊರಾ ಮ್ಯುಕ್ರೊನೇಟಾ, ಅವಿಸೀನಿಯಾ ಅಫಿಸಿನಾಲಿಸ್. ಉಳಿದವು ಅಲ್ಲೊಂದು ಇಲ್ಲೊಂದು ಸಿಕ್ಕಿದ್ದವು. ಅವುಗಳಿಗೆ ಇಷ್ಟು ಕಡಿಮೆ ಪ್ಲಾಟಿನಲ್ಲಿ ಏನೂ ಹೇಳಲು ಬರುವುದಿಲ್ಲ. ಅವಳಿಗೆ ಸಂಕಟವಾಯಿತು. ಒಂದೊಂದನ್ನೂ ಗುರುತಿಸಲು ಎಷ್ಟು ಒದ್ದಾಡಿದ್ದಳೋ ಏನೋ. ಆದರೂ ತೆಗೆದಳು.

ಮೊದಲು ಸಾಲಿನಲ್ಲಿ ವೃತ್ತಗಳನ್ನು ಹಾಕಿದ್ದಳು. ಗಿಡ ಜಾಸ್ತಿ ಇದ್ದಲ್ಲಿ ದೊಡ್ಡ ವೃತ್ತ, ಕಡಿಮೆ ಇದ್ದಲ್ಲಿ ಚಿಕ್ಕದು. ಚೆಂದವೂ ಕಾಣುತ್ತಿತ್ತು. ಆದರೆ 20 ಗಿಡ ಇರುವ ವೃತ್ತ ಮತ್ತು 40 ಗಿಡ ಇರುವ ವೃತ್ತ ನೋಡಿದಾಗ ಏನೋ ಎಡವಟ್ಟು ಅನ್ನಿಸಿತು. ಸ್ಕೇಲ್ ಹಿಡಿದು ನೋಡಿದರೆ ಅಡ್ಡಳತೆಯನ್ನೇ ಎರಡು ಪಟ್ಟು ಮಾಡಿದ್ದಾಳೆ. ಆಗ ವೃತ್ತದ ಹರವು ನಾಲ್ಕು ಪಟ್ಟಾಗುತ್ತದೆ. ನೋಡುವವರ ಕಣ್ಣು ಹರವನ್ನೇ ನೋಡುವುದು. ಎರಡು ಪಟ್ಟು ಇದ್ದದ್ದು ನಾಲ್ಕು ಪಟ್ಟು ಅಂತ ಪೋಸ್ಟರ್ ಸುಳ್ಳು ಹೇಳುತ್ತಿತ್ತು. ಹರವಿನ ಲೆಕ್ಕಕ್ಕೆ ಸರಿಮಾಡಬಹುದಿತ್ತು. ಆದರೂ ಹರವನ್ನು ಅಂದಾಜು ಮಾಡುವುದರಲ್ಲಿ ನಾವೆಲ್ಲ ದಡ್ಡರೇ. ಎತ್ತರ ಅಳೆಯುವುದು ಕಣ್ಣಿಗೆ ಸುಲಭ.

ಹಾಗಾದರೆ ಬಾರ್ ಹಾಕೋಣ ಎಂದಳು. ಮೂರು ಪ್ಲಾಟಿನ ಸರಾಸರಿಗೆ ಒಂದು ಬಾರ್. ಹಾಕಿ ನೋಡಿದೆವು. ನಾಲ್ಕನೇ ಜಾಗದಲ್ಲಿ ರೈಜೋಫೊರಾ 30 ಅಂತ ಬಂತು. ನೋಟ್‌ಬುಕ್ ತೆಗೆಸಿದೆ. ಮೂರು ಪ್ಲಾಟಿನ ಲೆಕ್ಕ ಹೀಗಿತ್ತು: 8, 11, 71. 30ರ ಹತ್ತಿರ ಯಾವ ಪ್ಲಾಟೂ ಇಲ್ಲ! ಇರುವುದೇ ಮೂರು ಸಂಖ್ಯೆ, ಅದಕ್ಕೆ ಸರಾಸರಿ ಯಾಕೆ, ಮೂರನ್ನೂ ಚುಕ್ಕಿ ಇಟ್ಟು ತೋರಿಸು ಎಂದೆ.

ಚುಕ್ಕಿ ಇಟ್ಟ ಕೂಡಲೇ ಆ 71 ಒಬ್ಬಂಟಿಯಾಗಿ ಮೇಲೆ ಎದ್ದು ನಿಂತಿತು.

"ಇದೆಂತದ್ದು?"

ಅವಳು ಫೋನಿನಲ್ಲಿ ಆ ದಿನದ ಫೋಟೋ ಹುಡುಕಿದಳು. ಗಿಡಗಳು ಒಂದೇ ಎತ್ತರ, ಒಂದೇ ದಪ್ಪ, ಶಾಲೆಯ ಪ್ರೇಯರ್ ಸಾಲಿನ ಹಾಗೆ ನಿಂತಿವೆ. ನೆಟ್ಟ ಗಿಡ. ನಮ್ಮ ಕರಾವಳಿಯಲ್ಲಿ ಅರಣ್ಯ ಇಲಾಖೆ ಸುಮಾರು ಕಡೆ ಕಾಂಡ್ಲಾ ನೆಡಿಸಿದೆ. ಅದರಲ್ಲಿ ರೈಜೋಫೊರಾ ಜಾಸ್ತಿ, ಯಾಕೆಂದರೆ ಅದರ ಮೊಳಕೆ ಗಿಡದ ಮೇಲೆಯೇ ಉದ್ದನೆಯ ಕೋಲಾಗಿ ಬೆಳೆಯುತ್ತದೆ. ಕಿತ್ತು ತಂದು ಕೆಸರಿಗೆ ಚುಚ್ಚಿದರೆ ಆಯಿತು. ಆ 71 ಗಿಡ ಅಲ್ಲಿರುವುದು ಉಪ್ಪಿನ ಲೆಕ್ಕಕ್ಕಲ್ಲ, ಯಾರೋ ತಂದು ನೆಟ್ಟದ್ದಕ್ಕೆ. ಬಾರ್ ಹಾಕಿದ್ದರೆ ಇದು ಸರಾಸರಿಯೊಳಗೆ ಮುಳುಗಿಹೋಗುತ್ತಿತ್ತು. "ನಡುಹೊಳೆಯ ಉಪ್ಪು ರೈಜೋಫೊರಾಕ್ಕೆ ಇಷ್ಟ" ಅಂತ ಒಂದು ಸಾಲನ್ನೂ ಅವಳು ಆಗಲೇ ಬರೆದಾಗಿತ್ತು.

ತೆಗೆದುಹಾಕಲಾ ಎಂದು ಕೇಳಿದಳು. ಬೇಡ, ಅದೂ ಹೊಳೆಯಲ್ಲಿ ಇರುವುದೇ. ತಾನಾಗಿ ಬೆಳೆದ ಪ್ಲಾಟಿಗೆ ತುಂಬಿದ ಚುಕ್ಕಿ, ನೆಟ್ಟ ಪ್ಲಾಟಿಗೆ ಖಾಲಿ ಚುಕ್ಕಿ, ನಾಲ್ಕೂ ಸಾಲಿನಲ್ಲಿ. ಫೋಟೋಗಳನ್ನೆಲ್ಲ ಮತ್ತೆ ನೋಡಿ ಇನ್ನೊಂದು ಪ್ಲಾಟ್ ಹಿಡಿದಳು. ಒಂದು ಪ್ಯಾರಾ ಬರೆಯಬೇಕಾದದ್ದನ್ನು ಖಾಲಿ ಚುಕ್ಕಿ ಹೇಳಿತು. ಚುಕ್ಕಿಗೆ ಬಣ್ಣದ ಹಂಗೂ ಇಲ್ಲ. ಕೆಂಪು ಹಸಿರು ಬೇರೆ ಮಾಡಲು ಬರದವರಿಗೂ ಗೊತ್ತಾಗುತ್ತದೆ, ಜೆರಾಕ್ಸ್ ತೆಗೆದರೂ ಗೊತ್ತಾಗುತ್ತದೆ.

ಮತ್ತೆ ಉಳಿದ ಪದಗಳು. ರಕ್ಷಾಕವಚದ ಪೀಠಿಕೆ ಪೂರ್ತಿ ಹೋಯಿತು. ಕಾಂಡ್ಲಾ ಸಮ್ಮೇಳನಕ್ಕೆ ಬಂದವರಿಗೆ ಕಾಂಡ್ಲಾ ಯಾಕೆ ಬೇಕು ಅಂತ ಹೇಳುವುದು, ಅಡುಗೆಯವರಿಗೆ ಉಪ್ಪು ಯಾಕೆ ಬೇಕು ಅಂದ ಹಾಗೆ. ವಿಧಾನದ ಎರಡು ಪ್ಯಾರಾ ಹೋಗಿ ಒಂದು ಗೆರೆಚಿತ್ರ ಬಂತು: 10 ಮೀಟರ್ ಚೌಕ, ಪಕ್ಕದಲ್ಲಿ ಜಡೆಜಡೆಯಾಗಿ ಬೇರು ಇಳಿಸಿದ ಒಂದು ಮರ, ಎಲ್ಲಕ್ಕಿಂತ ಮೇಲಿನ ಬೇರಿನಿಂದ 30 ಸೆಂಟಿಮೀಟರ್ ಮೇಲೆ ಸುತ್ತಳತೆಯ ಟೇಪು. ಬೇರೆ ಮರಗಳನ್ನು ಎದೆಮಟ್ಟದಲ್ಲಿ, 1.3 ಮೀಟರಿನಲ್ಲಿ, ಅಳೆಯುತ್ತಾರೆ. ರೈಜೋಫೊರಾದಲ್ಲಿ ಆ ಎತ್ತರಕ್ಕೆ ಎಷ್ಟೋ ಸಲ ಕಾಂಡವೇ ಇರುವುದಿಲ್ಲ, ಬರೀ ಬೇರು. ಕೊನೆಗೆ ಪೋಸ್ಟರಿನಲ್ಲಿ ಉಳಿದದ್ದು 200 ಪದಕ್ಕಿಂತ ಕಡಿಮೆ. ಕೆಸರಿನಲ್ಲಿ ನಗುತ್ತಾ ನಿಂತ ಅವಳ ಫೋಟೋ ಮಾತ್ರ ಬಿಡಲು ಒಪ್ಪಲಿಲ್ಲ. ಮೂಲೆಯಲ್ಲಿ ಚಿಕ್ಕದಾಗಿ ಇರಲಿ ಅಂತ ನಾನೂ ಸುಮ್ಮನಾದೆ.

ಅಕ್ಷರ ಸಾಕೋ ಇಲ್ಲವೋ ಅಂತ ನೋಡಲು ಸುಲಭದ ದಾರಿ ಇದೆ. ಎ0 ಪೋಸ್ಟರನ್ನು ಎ4 ಹಾಳೆಗೆ ಪ್ರಿಂಟ್ ತೆಗೆಯುವುದು. ಉದ್ದ ಅಗಲ ಎರಡೂ ಸರಿಯಾಗಿ ನಾಲ್ಕನೇ ಒಂದು ಭಾಗವಾಗುತ್ತವೆ. 28 ಪಾಯಿಂಟ್ ಇದ್ದದ್ದು 7 ಪಾಯಿಂಟ್. ಆ ಹಾಳೆಯನ್ನು ಕೈಯಲ್ಲಿ ಹಿಡಿದು ಕಷ್ಟಪಡದೆ ಓದಲು ಬಂದರೆ ಪೋಸ್ಟರ್ ಗೋಡೆಯ ಮೇಲೂ ಓದಲು ಬರುತ್ತದೆ. ಅವಳ ಅಡ್ಡಗೆರೆಯ ಅಂಕೆಗಳು ಇರುವೆ ಸಾಲಾಗಿದ್ದವು, ದೊಡ್ಡದು ಮಾಡಿದೆವು.

ಸಮ್ಮೇಳನಕ್ಕೆ ಮೊದಲು ಕನ್ನಡದಲ್ಲೂ ಒಂದು ಪ್ರತಿ ಮಾಡಿಸಿ ಊರಿನವರಿಗೆ ತೋರಿಸು ಎಂದೆ. ಪ್ರಿಂಟ್ ಅಂಗಡಿಯ ಹುಡುಗ ಫೈಲನ್ನು ತನ್ನ ಹಳೇ ಸಾಫ್ಟ್‌ವೇರಿನಲ್ಲಿ ತೆರೆದ. ಒತ್ತಕ್ಷರಗಳೆಲ್ಲ ಕಳಚಿ ಬಿದ್ದವು. "ಕಾಂಡ್ಲಾ" ಹೋಗಿ "ಕಾಂಡ್‌ಲಾ" ಆಯಿತು, ಅದೂ 80 ಪಾಯಿಂಟಿನಲ್ಲಿ. ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಟ್ಟು, "ಇದನ್ನು ಬೇರೆ ಯಾವುದರಲ್ಲೂ ತೆರೆಯಬೇಡ ಮಾರಾಯ, ಹೀಗೇ ಪ್ರಿಂಟ್ ಕೊಡು" ಎಂದ ಮೇಲೆ ಸರಿಯಾಯಿತು.

ದೋಣಿ ನಿಲ್ಲುವ ಕಡೆ ಒಂದು ಗೋಡೆಗೆ ಅಂಟಿಸಿದೆವು. ಬಳಚು ಹೆಕ್ಕಿ ಬುಟ್ಟಿ ಇಳಿಸಿದ ಹೆಂಗಸರು ನಾಲ್ಕೈದು ಜನ ಬಂದರು. ಎಡಗಡೆ ಸಮುದ್ರ, ಬಲಗಡೆ ದಿವಗಿ ಅಂತ ಹೇಳಿದ್ದಷ್ಟೇ, ಮುಂದಿನದನ್ನು ಅವರೇ ಓದಿಕೊಂಡರು. ಒಬ್ಬರು ಎರಡನೇ ಜಾಗದ ಒಂದು ತುಂಬಿದ ಚುಕ್ಕಿಯ ಮೇಲೆ ಬೆರಳಿಟ್ಟರು.

"ಇದು ಯಾವ ಜಾಗ ತಂಗಿ?"

ಹುಡುಗಿ ಹೇಳಿದಳು, ಮುರಿದ ಕಟ್ಟೆಯ ಪಕ್ಕದ್ದು.

"ಹಾಗಾದ್ರೆ ಇದನ್ನೂ ಖಾಲಿ ಮಾಡು. ಅಲ್ಲಿಯದೂ ನಾವೇ ನೆಟ್ಟದ್ದು. ನಾನು ಮದುವೆಯಾಗಿ ಬಂದ ವರ್ಷ."

ಅಷ್ಟು ಹಳೆಯದಾದರೆ ಸಾಲು ಗುರುತು ಸಿಗುವುದಿಲ್ಲ. ಕೆಲವು ಸತ್ತಿರುತ್ತವೆ, ನಡುವೆ ತಾನಾಗಿ ಹುಟ್ಟಿದ್ದು ತುಂಬಿಕೊಂಡಿರುತ್ತದೆ. ಫೋಟೋದಲ್ಲಿ ನಮಗೆ ಕಂಡದ್ದು ಮಾಮೂಲಿ ಕಾಡೇ. ಅವತ್ತು ರಾತ್ರಿ ಹುಡುಗಿ ನಾಲ್ಕೂ ಸಾಲಿನಲ್ಲಿ ಆ ಪ್ಲಾಟಿನ ಚುಕ್ಕಿ ಖಾಲಿ ಮಾಡಿ ಹೊಸ ಪಿಡಿಎಫ್ ಕಳಿಸಿದಳು. ಬುಡದಲ್ಲಿ ಒಂದು ಸಾಲು ಸೇರಿಸಿದ್ದಳು: "ಖಾಲಿ ಚುಕ್ಕಿ: ನೆಟ್ಟ ಗಿಡ, ಫೋಟೋ ಮತ್ತು ಊರವರ ಮಾತಿನಿಂದ."