ತೋಳದ ಬಾಯಿಗೆ ಹೋಗಿ ಬಾ

ಇಟಲಿಯ ತೊರಿನೊದಲ್ಲಿ ನನ್ನ ಮೊದಲ ಮೌಖಿಕ ಪರೀಕ್ಷೆ. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಅಂಕ 30ಕ್ಕೆ, ಪಾಸಾಗಲು 18 ಬೇಕು. ಕಾರಿಡಾರಿನಲ್ಲಿ ಸರದಿಗೆ ಕಾಯುತ್ತ ಕೂತಿದ್ದೆ. ಒಳಗಿಂದ ನನ್ನ ಹೆಸರು ಕೂಗಿದರು. ಪಕ್ಕದಲ್ಲಿದ್ದ ಸಹಪಾಠಿ 'ಇನ್ ಬೊಕ್ಕಾ ಅಲ್ ಲೂಪೊ' ಅಂದಳು. ತೋಳದ ಬಾಯೊಳಗೆ, ಅಂತ. ಏನೋ ಹಾರೈಸಿದಳು ಅಂದುಕೊಂಡು 'ಗ್ರಾಜಿಯೆ' ಅಂದೆ. ಅವಳು ಹಣೆ ಚಚ್ಚಿಕೊಂಡಳು. ಥ್ಯಾಂಕ್ಸ್ ಹೇಳಿದರೆ ಹಾರೈಕೆ ಕೆಡುತ್ತದಂತೆ, 'ಕ್ರೇಪಿ', ತೋಳ ಸಾಯಲಿ, ಅನ್ನಬೇಕಂತೆ. ಬಾಗಿಲು ತಳ್ಳುತ್ತ 'ಕ್ರೇಪಿ, ಕ್ರೇಪಿ' ಅಂದೆ. 24 ಬಂತು.

ಇದಕ್ಕೆ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ 'ಬ್ರೇಕ್ ಎ ಲೆಗ್' ಅಂತ ಬರೆಯುತ್ತಾರೆ. ಕೆಟ್ಟದ್ದನ್ನು ಹೇಳಿ ಒಳ್ಳೆಯದನ್ನು ಬಯಸುವುದು ಎರಡರಲ್ಲೂ ಇದೆ, ನಿಜ. ಆದರೆ ಅದು ಮುಖ್ಯವಾಗಿ ರಂಗದ ಮೇಲೆ ಹೋಗುವವರಿಗೆ ಹೇಳುವ ಮಾತು. ಇಟಲಿಯಲ್ಲಿ ತೋಳದ ಬಾಯಿಗೆ ವಿದ್ಯಾರ್ಥಿಯನ್ನೂ ಕಳಿಸುತ್ತಾರೆ, ಕೆಲಸದ ಸಂದರ್ಶನಕ್ಕೆ ಹೊರಟವನನ್ನೂ ಕಳಿಸುತ್ತಾರೆ. ಹಾಗಾಗಿ ಬಳಕೆಯ ದೃಷ್ಟಿಯಿಂದ ಬರೀ 'ಗುಡ್ ಲಕ್' ಹೆಚ್ಚು ಹೊಂದುತ್ತದೆ. ತೊಂದರೆ ಏನೆಂದರೆ, 'ಗುಡ್ ಲಕ್' ಅಂದವರಿಗೆ ಮರುಮಾತು 'ಥ್ಯಾಂಕ್ಸ್'. ಇಟಲಿಯವರು ಬೇಡ ಅನ್ನುವುದೇ ಅದನ್ನು.

ಕನ್ನಡಕ್ಕೆ ಅನುವಾದಿಸುವುದಾದರೆ? 'ಒಳ್ಳೇದಾಗಲಿ' ಅನ್ನಬಹುದು. ಕೆಲಸದ ಇಮೇಲಿನ ಕೊನೆಯಲ್ಲಿ ಬರುವ 'ಇನ್ ಬೊಕ್ಕಾ ಅಲ್ ಲೂಪೊ'ಗೆ ಅಷ್ಟು ಸಾಕು, ಅಲ್ಲಿ ತೋಳವನ್ನು ಎಳೆದು ತರುವ ಅಗತ್ಯವಿಲ್ಲ. ಆದರೆ ಕಥೆಯಲ್ಲಿ ಇಬ್ಬರು ಮಾತಾಡುವಾಗ ಒಬ್ಬಳು ತೋಳ ಅಂದು ಇನ್ನೊಬ್ಬ ಕ್ರೇಪಿ ಅಂದರೆ ಏನು ಮಾಡುವುದು?

ದಾರಿ ತೋರಿಸಿದ್ದು ಅಮ್ಮ. ಆ ಸಂಜೆ ಫೋನಿನಲ್ಲಿ, 'ನನ್ನ ಫ್ರೆಂಡು ಪರೀಕ್ಷೆಗೆ ಹೋಗೋವಾಗ ತೋಳದ ಬಾಯಿಗೆ ಹೋಗು ಅಂದ್ಲಮ್ಮ' ಅಂದೆ.

'ಬಿಡ್ತು ಅನ್ನು!' ಅಂದಳು ಅಮ್ಮ, ತಡವಿಲ್ಲದೆ.

'ಬಿಡ್ತು' ಅಂದೆ. ಆಮೇಲೆ ಹೊಳೆಯಿತು, ನಮ್ಮಲ್ಲೂ ಇದೆಯಲ್ಲ! ಬಾಯಿಂದ ಬಿದ್ದ ಮಾತು ನಿಜವಾಗಿಬಿಟ್ಟೀತು ಅನ್ನುವ ಅದೇ ಭಯ, ಅದಕ್ಕೊಂದು ಕಡ್ಡಾಯದ ಮರುಮಾತು. ಆದರೆ ಲೆಕ್ಕ ತಿರುವುಮುರುವು. ನಮ್ಮಲ್ಲಿ ಕೆಟ್ಟ ಮಾತು ಬಾಯಿತಪ್ಪಿ ಬರುತ್ತದೆ, ಕೇಳಿದವರು ಗದರುತ್ತಾರೆ, ಆಡಿದವನೇ 'ಬಿಡ್ತು' ಅಂದು ತನ್ನ ಮಾತನ್ನು ಹಿಂತೆಗೆಯಬೇಕು. ಅವರಲ್ಲಿ ಕೆಟ್ಟ ಮಾತನ್ನು ಬೇಕೆಂದೇ ಆಡುತ್ತಾರೆ, ಕೇಳಿದವನು ತೋಳವನ್ನು ಸಾಯಿಸಿ ಮುಗಿಸುತ್ತಾನೆ. ನಾವು ಕೆಟ್ಟದ್ದರ ಹೆಸರೆತ್ತುವುದಕ್ಕೇ ಹೆದರುವವರು. ದೀಪ ಆರಿಸು ಅನ್ನದೆ 'ದೀಪ ದೊಡ್ಡದು ಮಾಡು' ಅನ್ನುತ್ತೇವೆ, ರಾತ್ರಿ ಹಾವು ಕಂಡರೆ 'ಹುಳ' ಅನ್ನುತ್ತೇವೆ, 'ಹೋಗ್ತೀನಿ' ಅಂದವನನ್ನು ನಿಲ್ಲಿಸಿ 'ಹೋಗಿ ಬರ್ತೀನಿ' ಅನ್ನಿಸುತ್ತೇವೆ. ಅವರು ಹೆದರುವುದು ಒಳ್ಳೆಯದನ್ನು ಬಾಯಿಬಿಟ್ಟು ಹೇಳುವುದಕ್ಕೆ. ಪರೀಕ್ಷೆಗೆ ಹೊರಟವನಿಗೆ 'ಬ್ವೋನಾ ಫೊರ್ತೂನಾ' ಅಂದರೆ ಅಪಶಕುನ ಅನ್ನುವವರು ಇಲ್ಲಿ ಈಗಲೂ ಇದ್ದಾರೆ.

ಆದ್ದರಿಂದ 'ಕ್ರೇಪಿ'ಯ ಜಾಗದಲ್ಲಿ 'ಬಿಡ್ತು' ಹಾಕಲಾಗದು. ಹಾಕಿದರೆ ಹಾರೈಸಿದವಳು ತಪ್ಪು ಮಾಡಿದಳು ಎಂದಾಗುತ್ತದೆ. 'ತೋಳ ಮರಣಿಸಲಿ' ಅಂತೂ ಬೇಡವೇ ಬೇಡ. ಕ್ರೇಪಾರೆ ಅನ್ನುವುದು ಸಾಯುವುದಕ್ಕೆ ಇರುವ ಒರಟು ಮಾತು, ಮೂಲದಲ್ಲಿ ಬಿರಿಯುವುದು ಎಂದರ್ಥ. ಅದಕ್ಕೆ ಸರಿಸಾಟಿ ನಮ್ಮ ಹಳ್ಳಿಯ ಹೆಂಗಸರ ಬೈಗುಳದಲ್ಲಿದೆ. ನಾನಾದರೆ ಹೀಗೆ ಬರೆಯುತ್ತೇನೆ:

'ತೋಳದ ಬಾಯಿಗೆ ಹೋಗಿ ಬಾ.'

'ಅದು ನೆಗೆದು ಬಿದ್ದು ಹೋಗ!'

'ಹೋಗು' ಅಲ್ಲ, 'ಹೋಗಿ ಬಾ'. ಆ 'ಬಾ' ಇಟಾಲಿಯನ್ನಿನಲ್ಲಿ ಇಲ್ಲ, ನಾನು ಸೇರಿಸಿದ್ದು. ಅದಿಲ್ಲದಿದ್ದರೆ ಕನ್ನಡದ ಕಿವಿಗೆ ಇದು ಶಾಪ. ಅದಿದ್ದರೆ, ಹಾರೈಕೆ ಎಂದು ಅಡಿಟಿಪ್ಪಣಿಯಿಲ್ಲದೆ ತಿಳಿಯುತ್ತದೆ.

ಇಷ್ಟರಲ್ಲಿ ತೋಳದ ಕಡೆಯವರೂ ಹುಟ್ಟಿಕೊಂಡಿದ್ದಾರೆ. 'ಕ್ರೇಪಿ' ಬಿಟ್ಟು 'ವೀವಾ ಇಲ್ ಲೂಪೊ', ತೋಳ ಬಾಳಲಿ, ಅನ್ನುತ್ತಾರೆ. ತಾಯಿತೋಳ ಮರಿಗಳನ್ನು ಬಾಯಲ್ಲಿ ಕಚ್ಚಿ ಕಾಪಾಡುತ್ತದೆ, ಆ ಬಾಯಿಯೇ ಇದು ಎಂಬುದು ಅವರ ವಾದ. ಕಥೆ ಚೆನ್ನಾಗಿದೆ, ಆದರೆ ನನಗೆ ಅದು ಆಮೇಲೆ ಹೊಸೆದದ್ದು ಅನ್ನಿಸುತ್ತದೆ: ಬಾಯಿ ಕಾಪಾಡುವುದಾದರೆ 'ಕ್ರೇಪಿ' ಅನ್ನುವ ರೂಢಿ ಬಂದದ್ದಾದರೂ ಹೇಗೆ? 1971ರಲ್ಲಿ ಬೇಟೆ ನಿಲ್ಲಿಸುವ ಹೊತ್ತಿಗೆ ಇಟಲಿಯಲ್ಲಿ ಸುಮಾರು 100 ತೋಳಗಳಷ್ಟೇ ಉಳಿದಿದ್ದವು. ಪ್ರಾಣಿಯ ಮೇಲಿನ ಮರುಕ ಅರ್ಥವಾಗುತ್ತದೆ. ಆದರೆ ಹಾಗೆ ಹೇಳುವ ಪಾತ್ರ ಕಥೆಯಲ್ಲಿ ಬಂದರೆ 'ನೆಗೆದು ಬಿದ್ದು ಹೋಗ' ನಡೆಯುವುದಿಲ್ಲ. 'ಪಾಪ, ಅದೂ ಚೆನ್ನಾಗಿರಲಿ' ಅನ್ನಿಸಬೇಕು.

ಬಾಯಿಯ ಮಾತು ಬಂದದ್ದಕ್ಕೆ ಇನ್ನೊಂದು. 'ಆಕ್ವಾ ಇನ್ ಬೊಕ್ಕಾ', ಬಾಯಲ್ಲಿ ನೀರು. ಗುಟ್ಟು ಬಿಡಬೇಡ ಎಂದರ್ಥ. ಬಾಯಿತುಂಬ ನೀರಿದ್ದರೆ ಮಾತಾಡುವುದೆಲ್ಲಿ? ಒಮ್ಮೆ ಊರಿನ ಗೆಳೆಯನಿಗೆ ಇದನ್ನು ಇದ್ದ ಹಾಗೇ ಕನ್ನಡದಲ್ಲಿ ಹೇಳಿದೆ. 'ಯಾಕೆ, ಏನ್ ಅಡುಗೆ ಇವತ್ತು?' ಅಂದ.