ಆರು ಕೀಲಿನ ರೋಬೋ ತೋಳಿಗೆ ಒಂದೇ ಕ್ಯಾನ್ ಬಸ್ ಸಾಕೇ?

ಪರ

ಸಾಕು. ಭುಜದಿಂದ ಮಣಿಕಟ್ಟಿನವರೆಗೆ ಆರು ಮೋಟರ್ ಕಂಟ್ರೋಲರ್‌ಗಳಿಗೂ ಬೇರೆ ಬೇರೆ ತಂತಿ ಎಳೆದರೆ ಕಂತೆ ದಪ್ಪವಾಗುತ್ತದೆ, ಕೀಲು ತಿರುಗಿದಾಗಲೆಲ್ಲ ಉಜ್ಜಿ ಸವೆಯುತ್ತದೆ. ಕ್ಯಾನ್ ಬಸ್ ಅಂದರೆ ಎಲ್ಲ ಕಂಟ್ರೋಲರ್‌ಗಳೂ ಹಂಚಿಕೊಳ್ಳುವ ಸಂದೇಶದ ದಾರಿ, ಅದಕ್ಕೆ ಹೊಸೆದ ಒಂದು ಜೋಡಿ ತಂತಿ ಸಾಕು. ಸಂದೇಶ ಇರುವುದು ಆ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸದಲ್ಲಿ. ಹಾಗಾಗಿ ಮೋಟರ್‌ನಿಂದ ಎರಡಕ್ಕೂ ಸಮನಾಗಿ ತಗಲುವ ನಾಯ್ಸ್ ಬಹುಪಾಲು ಕಳೆದುಹೋಗುತ್ತದೆ. ಆದರೂ ಫ್ರೇಮ್, ಅಂದರೆ ಒಂದು ಸಂದೇಶದ ಕಟ್ಟು, ಕೆಟ್ಟರೆ ಅದರ ಜೊತೆಗೇ ಹೋಗುವ ಸಿಆರ್‌ಸಿ ಎಂಬ ತಾಳೆ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತದೆ, ಕ್ಯಾನ್ ಚಿಪ್ಪೇ ಅದನ್ನು ಮತ್ತೆ ಕಳಿಸುತ್ತದೆ.

ವೇಗದ ಲೆಕ್ಕವೂ ಕೂಡಿಬರುತ್ತದೆ. 8 ಬೈಟ್ ಡೇಟಾ ಇರುವ ಮಾಮೂಲಿ ಫ್ರೇಮ್, ಸಮಯ ಹೊಂದಿಸಲು ನಡುವೆ ತೂರಿಸುವ ಸ್ಟಫ್ ಬಿಟ್‌ಗಳೂ ಸೇರಿ, ಹೆಚ್ಚೆಂದರೆ 135 ಬಿಟ್. ಸೆಕೆಂಡಿಗೆ 10 ಲಕ್ಷ ಬಿಟ್ ವೇಗದಲ್ಲಿ ಆರು ಆಜ್ಞೆ, ಆರು ಉತ್ತರ ಮುಗಿಯಲು 1.62 ಮಿಲಿಸೆಕೆಂಡ್ ಬೇಕು. ಅಂದರೆ ಸೆಕೆಂಡಿಗೆ 500 ಸುತ್ತು ಹೊಡೆಯಬಹುದು. ಮೋಟರ್‌ಗೆ ಹೋಗುವ ಕರೆಂಟನ್ನು ಅಳೆದು ತಿದ್ದುತ್ತಲೇ ಇರುವ, ಇನ್ನೂ ಚುರುಕಾಗಿ ನಡೆಯಬೇಕಾದ ಕರೆಂಟ್ ಲೂಪ್ ಪ್ರತಿ ಕಂಟ್ರೋಲರ್‌ನ ಒಳಗೇ ಇರುತ್ತದೆ. ಬಸ್ ಮೇಲೆ ಹೋಗುವುದು ಎಷ್ಟು ತಿರುಗಬೇಕೆಂಬ ಗುರಿ, ಅದಕ್ಕೆ ಉತ್ತರ, ಇಷ್ಟು ಮಾತ್ರ. ವಸ್ತು ಎತ್ತಿಡುವ ತೋಳಿಗೆ ಇದು ಧಾರಾಳ.

ವಿರೋಧ

ಸಾಲದು. ನಾನು ಕೆಲಸ ಮಾಡುತ್ತಿದ್ದ ತೋಳೊಂದು ಪೂರ್ತಿ ಚಾಚಿದಾಗ ಮಾತ್ರ ಕೈಕೊಡುತ್ತಿತ್ತು. 5, 6ನೇ ಕೀಲು ಸುಮ್ಮನಾಗುತ್ತಿದ್ದವು, ಒಮ್ಮೊಮ್ಮೆ ಭುಜದ 2ನೆಯದೂ ನಿಲ್ಲುತ್ತಿತ್ತು. ಮೊದಲು ಪ್ರೋಗ್ರಾಮನ್ನೇ ಜಾಲಾಡಿದೆವು. ಕೊನೆಗೆ ಪವರ್ ಆರಿಸಿ ಎರಡು ಕ್ಯಾನ್ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದೆವು. ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಇರುವುದರಿಂದ 60 ತೋರಿಸಬೇಕು, ತೋರಿಸಿತು. ಮೀಟರ್ ತೆಗೆಯದೆ ಮೊಣಕೈಯನ್ನು ಮೆಲ್ಲಗೆ ನೇರ ಮಾಡಿದೆವು. ಒಂದು ಕೋನದಲ್ಲಿ 120ಕ್ಕೆ ಜಿಗಿಯಿತು. ಮೊಣಕೈ ಕನೆಕ್ಟರ್ ಬುಡದಲ್ಲಿ ತಂತಿ ಒಳಗೇ ತುಂಡಾಗಿತ್ತು. ಆಚೆ ತುದಿಯ ರೆಸಿಸ್ಟರ್ ಕಳಚಿಹೋದಂತಾಗಿ, ಸಂಕೇತ ತುಂಡಿನ ತುದಿಯಿಂದ ಮರಳಿ ಬಡಿದು, ಈಚೆ ನೆಟ್ಟಗಿದ್ದ ಕೀಲುಗಳ ಫ್ರೇಮ್‌ಗಳೂ ಕೆಡುತ್ತಿದ್ದವು. ಹಾಗೆ ಕಳಿಸುವಾಗಿನ ದೋಷದ ಎಣಿಕೆ 255 ದಾಟಿದ ಕಂಟ್ರೋಲರ್ ಬಸ್-ಆಫ್ ಆಗಿ ತಾನೇ ಬಸ್ ಬಿಟ್ಟು ಹೊರಗೆ ಹೋಗುತ್ತದೆ. ಒಂದೇ ಬಸ್ ಅಂದರೆ ಒಂದು ಕಡೆಯ ಗಾಯ ಎಲ್ಲ ಕೀಲಿಗೂ ನೋವು.

ಫ್ರೇಮ್ ತಲುಪಿತು ಎಂದು ಹೇಳುವ ಎಸಿಕೆ ಬಿಟ್ ನಂಬಿಕೊಂಡು ನೆಮ್ಮದಿಯಾಗಿ ಇರುವಂತೆಯೂ ಇಲ್ಲ. ಬಸ್ ಮೇಲಿನ ಯಾವ ಕಂಟ್ರೋಲರ್ ಬೇಕಾದರೂ ಎಸಿಕೆ ಕೊಡುತ್ತದೆ. 3ನೇ ಕೀಲು ಸತ್ತಿದ್ದರೂ 4ನೆಯದು ತಲುಪಿತು ಅಂದುಬಿಡುತ್ತದೆ.

ಇನ್ನು ಆ 1.62. ಎರಡು ಮಿಲಿಸೆಕೆಂಡಿನ ಸುತ್ತಿನಲ್ಲಿ ಉಳಿಯುವುದು 0.38. ಫ್ರೇಮ್‌ಗಳು ಅಷ್ಟು ಉದ್ದವಾದಾಗ ಮೂರನ್ನು ಮತ್ತೆ ಕಳಿಸಬೇಕಾಗಿ ಬಂದರೆ ಆ ಸುತ್ತು ತಪ್ಪಿತು. ತಾನೇ ಮತ್ತೆ ಕಳಿಸುತ್ತದೆ ಎಂಬ ಗುಣ ಒದಗುವುದು ಸಮಯ ಉಳಿದಿದ್ದರೆ ಮಾತ್ರ.

ನಾವು ಆಮೇಲೆ ಮೂರು ಮೂರು ಕೀಲಿಗೆ ಒಂದರಂತೆ ಎರಡು ಬಸ್ ಮಾಡಿದೆವು. ಪ್ರತಿಯೊಂದರ ಸುತ್ತು 0.81 ಮಿಲಿಸೆಕೆಂಡಿಗೆ ಇಳಿಯಿತು. 50 ಮಿಲಿಸೆಕೆಂಡ್ ಆಜ್ಞೆ ಬರದಿದ್ದರೆ ಬ್ರೇಕ್ ಹಿಡಿಯುವಂತೆ ಪ್ರತಿ ಕಂಟ್ರೋಲರ್‌ಗೂ ಹೇಳಿಟ್ಟೆವು. ಈಗ ಮಣಿಕಟ್ಟಿನ ಬಸ್ ಕಡಿದರೂ ಭುಜವನ್ನು ನಿಧಾನವಾಗಿ ಕೆಳಗಿಳಿಸಲು ಆಗುತ್ತದೆ.