ಡೊಂಬಿವಲಿ ಲೋಕಲ್, ಮಂಡ್ಯದ ಪಾಸು

ಹಬ್ಬಕ್ಕೆ ಮಂಡ್ಯಕ್ಕೆ ಬಂದಿದ್ದೇನೆ. ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಭಾಮೈದ ಊಟದ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೊರಟ. ರೈಲಲ್ಲಿ ಬೆಂಗಳೂರಿಗೆ 90 ಕಿ.ಮೀ. ಮೇಲೆ, ಅಲ್ಲಿಂದ ವೈಟ್‌ಫೀಲ್ಡ್. ಮುಂಬೈಯಲ್ಲಿ ನನ್ನದು ಡೊಂಬಿವಲಿಯಿಂದ ಸಿಎಸ್‌ಎಂಟಿ ಸ್ಟೇಷನ್ನಿಗೆ 48 ಕಿ.ಮೀ. ಅಷ್ಟೇ. ಆದರೂ ಆಫೀಸಿನಲ್ಲಿ ಜಗಳ ಆಡಿದವನು ನಾನು.

ಹೋದ ಮಳೆಗಾಲದ ಮಾತು. ಕುರ್ಲಾ ಹತ್ತಿರ ಹಳಿ ಮೇಲೆ ನೀರು. ಗಾಡಿ ನಿಂತೇಬಿಟ್ಟಿತು. ಬ್ಯಾಗು ಎದೆಗೆ ಅವುಚಿಕೊಂಡು, ಒಂದು ಕೈಲಿ ಹಿಡಿಕೆ ಹಿಡಿದು ನಲವತ್ತು ನಿಮಿಷ ನಿಂತಿದ್ದೆ. ಹೊರಡುತ್ತೋ ಇಲ್ಲವೋ ಗೊತ್ತಿಲ್ಲ. ಹತ್ತಕ್ಕೆ ಮೀಟಿಂಗ್. ಆಫೀಸಿಗೆ ಕಾಲಿಟ್ಟ ತಕ್ಷಣ ಜೊತೆಯಾಕೆ, "ಆ ಶೀಟ್ ಕಳಿಸಿದ್ರಾ?" ಅಂದರು. "ಬಂದು ಕೂರೋಕಾದ್ರೂ ಬಿಡ್ತೀರಾ ಇಲ್ವಾ?" ಅಂತ ಎಲ್ಲರೆದುರು ಕೂಗಿಬಿಟ್ಟೆ. ಆಕೆ ಬರುವುದು ವಿರಾರ್‌ನಿಂದ, ನನಗಿಂತ ದೂರ. ಒಂದು ವಾರ ನಮ್ಮ ಜೊತೆ ಊಟಕ್ಕೆ ಕೂರಲಿಲ್ಲ.

ಆಮೇಲೆ ಮೂರು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಐದು ಸಲ ರೇಗಿದ್ದೆ. ನಾಲ್ಕು ಸಲ ಗಾಡಿ ತಡವಾದ ದಿನವೇ, ಅದೂ ಆಫೀಸಿಗೆ ಬಂದ ಮೊದಲ ಅರ್ಧ ಗಂಟೆಯಲ್ಲೇ. ಉಸಿರುಗಟ್ಟುವ ರಶ್ ಇದ್ದರೂ ಟೈಮಿಗೆ ತಲುಪಿದ ದಿನ ಸುಸ್ತಾಗುತ್ತಿತ್ತು, ಸಿಟ್ಟು ಬರುತ್ತಿರಲಿಲ್ಲ.

ಇದನ್ನು ಭಾಮೈದನಿಗೆ ಹೇಳಿದೆ. "ನಂಗೂ ಹಂಗೇ ಆಗ್ತಿತ್ತು ಭಾವ" ಅಂದ. ಮೊದಲು ಅವನು ಮೆಜೆಸ್ಟಿಕ್‌ನಿಂದ ಬಸ್ಸು ಹಿಡಿಯುತ್ತಿದ್ದ. ಒಂದು ದಿನ ಒಂದೂವರೆ ಗಂಟೆ, ಇನ್ನೊಂದು ದಿನ ಎರಡೂವರೆ. ಎಷ್ಟು ಹೊತ್ತಿಗೆ ಸೇರ್ತೀನಿ ಅಂತ ಟೀಮಿಗೆ ಹೇಳೋಕೇ ಆಗುತ್ತಿರಲಿಲ್ಲ. ಯಾರಾದರೂ ಕೇಳಿದರೆ ಸಾಕು, ಉರಿದುಬೀಳುತ್ತಿದ್ದ. 2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೊ ವೈಟ್‌ಫೀಲ್ಡ್‌ವರೆಗೂ ಪೂರ್ತಿ ಓಡತೊಡಗಿತು. ರೈಲಿನ ಎರಡು ಗಂಟೆ ಹಾಗೇ ಇದೆ. ಅಲ್ಲಿ ಪಾಸಿನವರ ಗುಂಪು ಇರುತ್ತೆ, ಸೀಟು ಸಿಕ್ಕರೆ ನಿದ್ದೆ. ಕೊನೆಯ ದಾರಿಗೆ ಒಂದು ಲೆಕ್ಕ ಸಿಕ್ಕಿತು ನೋಡಿ, ಅವನ ರೇಗಾಟ ಕಮ್ಮಿಯಾಯಿತು.

ನಾನೀಗ ಫಾಸ್ಟ್ ಬಿಟ್ಟು ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿಯುತ್ತೇನೆ. ಹೊತ್ತು ಜಾಸ್ತಿ, ಆದರೆ ಸೀಟು ಸಿಗುತ್ತೆ. ಅದಕ್ಕೆ ಅರ್ಧ ಗಂಟೆ ಮುಂಚೆ ಏಳಬೇಕು. ವಿರಾರ್‌ನಿಂದ ಬರುವ ಜೊತೆಯಾಕೆಗೆ ಚಿಕ್ಕ ಮಕ್ಕಳು, ಇದು ಸಾಧ್ಯವೇ ಇಲ್ಲ. ನಾನು ಕ್ಷಮೆ ಕೇಳಿದೆ. ಬಂದ ಅರ್ಧ ಗಂಟೆ ಕೆಲಸದ ಮಾತು ಬೇಡ ಅಂತ ಇಬ್ಬರೂ ಒಪ್ಪಿದೆವು.

ಹಳಿ ಮೇಲೆ ನೀರು ನಿಂತರೆ ಸ್ಲೋ ಗಾಡಿಯೂ ನಿಲ್ಲುತ್ತೆ, ಅಲ್ವಾ? ಅದಕ್ಕೆ ಆಫೀಸೇ ಟೈಮು ಬಿಟ್ಟುಕೊಡಬೇಕು. 2023ರಲ್ಲಿ ಮಧ್ಯ ರೈಲ್ವೆಯೇ ರಶ್ ಹಂಚಿಹೋಗಲಿ ಅಂತ ಕಚೇರಿಗಳ ಸಮಯ ಬದಲಿಸಲು ಕೇಳಿಕೊಂಡಿತ್ತು. ನಮ್ಮ ಮ್ಯಾನೇಜರು ಹತ್ತರ ಮೀಟಿಂಗನ್ನು ಹನ್ನೊಂದಕ್ಕೆ ಹಾಕಿದ್ದಾರೆ, ಮಳೆಗಾಲಕ್ಕೆ ಮಾತ್ರ. ವರ್ಷಪೂರ್ತಿ ಹಾಗೇ ಇರಲಿ ಅಂತ ಸೋಮವಾರ ಹೋದ ಮೇಲೆ ಕೇಳುತ್ತೇನೆ.